ಊಟದ ವಿರಾಮ: ಎಲ್ಲರಿಗೂ ಒಟ್ಟಿಗೋ, ಸರದಿಯಲ್ಲೋ?

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 55ನೇ ಕಲಂ ಪ್ರಕಾರ ಸತತ 5 ಗಂಟೆ ದುಡಿಯುವುದರೊಳಗೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕಿತ್ತು; ಇಲ್ಲಿನ ಲೆಕ್ಕ ಅದೇ ನಿಯಮದ್ದು.

ಹೊಲಿಗೆ ಲೈನಿಗೆ ಒಟ್ಟಿಗೆ ಬಿಡುವುದೇ ಸರಿ. ಒಬ್ಬರು ಎದ್ದುಹೋದರೆ ಮುಂದಿನವರ ಕೈಗೆ ಪೀಸ್ ತಲುಪುವುದಿಲ್ಲ, ಯಂತ್ರ ನಿಲ್ಲಿಸಿದರೆ ನಷ್ಟವೂ ಇಲ್ಲ.

ಪ್ಲಾಸ್ಟಿಕ್ ಮೋಲ್ಡಿಂಗ್‌ನಲ್ಲಿ ಹಾಗಲ್ಲ. ನಿಂತ ಯಂತ್ರದ ಬ್ಯಾರಲ್‌ನಲ್ಲಿ ಕರಗಿದ ಪ್ಲಾಸ್ಟಿಕ್ ಕೆಡುತ್ತದೆ, ಮತ್ತೆ ಶುರು ಮಾಡಿದಾಗ ಮೊದಲ ಕೆಲವು ಪೀಸ್‌ಗಳು ರಿಜೆಕ್ಟ್. ಅಲ್ಲಿ ಸರದಿಯೇ ಬೇಕು, ಜಾಗ ತುಂಬಲು ಒಬ್ಬ ರಿಲೀವರ್ ಕೂಡ.

ಬೆಳಿಗ್ಗೆ 6ರಿಂದ 2ರ ಪಾಳಿ, 5 ಯಂತ್ರ ಎಂದುಕೊಳ್ಳಿ. ಹೆಚ್ಚಿನವರು ಎಡವುವುದು ಮೊದಲ ಸರದಿಯಲ್ಲಿ: 8ಕ್ಕೆ ಕಳಿಸಿದವರು 8:30ಕ್ಕೆ ಬಂದು 2ರವರೆಗೆ ದುಡಿದರೆ ಐದೂವರೆ ಗಂಟೆಯಾಯಿತು! ಹಾಗಾಗಿ ಯಾರ ವಿರಾಮವೂ 9ಕ್ಕಿಂತ ಮೊದಲು ಮುಗಿಯಬಾರದು, 11ರ ನಂತರ ಶುರುವಾಗಬಾರದು. ಕೆಲಸ ಒಪ್ಪಿಸಲು 5 ನಿಮಿಷ ಸೇರಿಸಿದರೆ ಸರದಿ ಹೀಗೆ: 8:30, 9:05, 9:40, 10:15, 10:50. ಆರನೇ ಯಂತ್ರ ಈ ಲೆಕ್ಕದಲ್ಲಿ ಹಿಡಿಯದು, ಅದಕ್ಕೆ ಇನ್ನೊಬ್ಬ ರಿಲೀವರ್ ಬೇಕು.

ರಿಲೀವರ್‌ಗೂ ಅದೇ ನಿಯಮ. ಅವರು 8ಕ್ಕೆ ಬಂದರೆ 11:30ಕ್ಕೆ ಊಟಕ್ಕೆ ಬಿಡಬಹುದು. 6ಕ್ಕೇ ಕರೆಸಿದರೆ ಕೊನೆಯ ಸರದಿ ಮುಗಿಯುವ 11:20ರ ಹೊತ್ತಿಗೆ 5 ಗಂಟೆ ದಾಟಿ ಲೆಕ್ಕ ತಪ್ಪುತ್ತದೆ.