ಫಾರ್ವರ್ಡ್, ಆಪ್ಷನ್, ಸುಮ್ನೆ ಬಿಡೋದು: ಮೂರನ್ನೂ ಮಾಡಿ ನೋಡಿದ ಲೆಕ್ಕ

ನಮ್ಮದು ಚಿಕ್ಕ ಕಂಪನಿ. ಬಿಡಿಭಾಗಗಳನ್ನು ಹೊರದೇಶದಿಂದ ತರಿಸುತ್ತೇವೆ, ಜೋಡಿಸಿದ ಪಂಪುಗಳನ್ನು ಹೊರದೇಶಕ್ಕೆ ಕಳಿಸುತ್ತೇವೆ. ಎರಡೂ ಕಡೆ ವ್ಯವಹಾರ ಡಾಲರಿನಲ್ಲಿ. ಲೆಕ್ಕಪತ್ರ ನೋಡುವವಳು ನಾನು. ಡಾಲರ್ ದರದ ಏರಿಳಿತದಿಂದ ತಪ್ಪಿಸಿಕೊಳ್ಳಲು ಯಾವ ದಾರಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂದು ಒಂದೊಂದು ಬಿಲ್ಲಿಗೆ ಒಂದೊಂದು ದಾರಿ ಹಿಡಿದು ನೋಡಿದೆ. ಹೋಲಿಸಲು ಸುಲಭವಾಗಲಿ ಎಂದು ಪ್ರತಿ ಸಲವೂ ಆರಂಭದಲ್ಲಿ ಒಂದು ಡಾಲರಿಗೆ ನಮ್ಮ ಹಣ 100 ಇತ್ತು ಎಂದು ಇಟ್ಟುಕೊಂಡು, ಉಳಿದ ಅಂಕಿಗಳನ್ನು ಅದೇ ಅಳತೆಗೆ ತಂದಿದ್ದೇನೆ. ಎಲ್ಲದರಲ್ಲೂ ಮೊತ್ತ 1 ಲಕ್ಷ ಡಾಲರ್, ಅವಧಿ 90 ದಿನ.

ಮೊದಲ ಆಮದು ಬಿಲ್ಲನ್ನು ಹಾಗೇ ಬಿಟ್ಟೆವು. 90 ದಿನ ಆದ ಮೇಲೆ ಡಾಲರ್ 103 ಆಗಿತ್ತು. ಅಂದುಕೊಂಡಿದ್ದಕ್ಕಿಂತ 3 ಲಕ್ಷ ಜಾಸ್ತಿ ಕೊಟ್ಟೆವು. ಆ ಸರಕಿನ ಮೇಲೆ ನಾವು ಇಟ್ಟುಕೊಂಡಿದ್ದ ಲಾಭವೇ ಸುಮಾರು 5 ಲಕ್ಷ. ಹಾಗೇ ಬಿಟ್ಟರೆ ಕೈಯಿಂದ ಯಾವ ಫೀಸೂ ಹೋಗುವುದಿಲ್ಲ, ನಿಜ. ಆದರೆ ಮಾಲಿನ ಬೆಲೆ ಮೊದಲೇ ಗಿರಾಕಿಗೆ ಹೇಳಿ ಆಗಿರುತ್ತದೆ. ಅದನ್ನು ಆಮೇಲೆ ಏರಿಸಲು ಆಗುವುದಿಲ್ಲ.

ಎರಡನೇ ಬಿಲ್ಲಿಗೆ ಫಾರ್ವರ್ಡ್ ಬುಕ್ ಮಾಡಿದೆ. ಅಂದರೆ 90ನೇ ದಿನ 1 ಲಕ್ಷ ಡಾಲರನ್ನು ಇಂಥ ದರಕ್ಕೆ ಕೊಳ್ಳುತ್ತೇನೆ ಎಂದು ಬ್ಯಾಂಕಿನ ಜೊತೆ ಇವತ್ತೇ ಒಪ್ಪಂದ. ಸ್ಪಾಟ್ ದರ, ಅಂದರೆ ಆ ದಿನದ ಮಾರುಕಟ್ಟೆ ದರ, 100 ಇದ್ದಾಗ ಬ್ಯಾಂಕ್ ಹೇಳಿದ್ದು 101.20. ನಮ್ಮ ಪಾಲುದಾರರಿಗೆ ಕೋಪ ಬಂತು. "ಡಾಲರಿಗೆ 1.20 ಅಂದರೆ 1 ಲಕ್ಷ 20 ಸಾವಿರ. ಇಷ್ಟೊಂದು ಕಮಿಷನ್ನಾ?" ಎಂದರು.

ಹೆಚ್ಚಿನವರು ತಪ್ಪು ಲೆಕ್ಕ ಹಾಕುವುದು ಇಲ್ಲೇ. ಆ 1.20ರಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಆಗ ನಮ್ಮ ಹಣದ ಮೇಲಿನ ಬಡ್ಡಿ ವರ್ಷಕ್ಕೆ ಶೇ. 8, ಡಾಲರಿನ ಮೇಲೆ ಶೇ. 4. ನಾವು ಫಾರ್ವರ್ಡ್ ಬುಕ್ ಮಾಡಿದ ದಿನವೇ ಬ್ಯಾಂಕ್ ಡಾಲರ್ ಕೊಂಡು ಇಟ್ಟುಕೊಂಡಿತು ಅಂದುಕೊಳ್ಳಿ. ಅದಕ್ಕೆ ಶೇ. 8ರ ಹಣ ಹಾಕಬೇಕು. ಕೈಗೆ ಬಂದ ಡಾಲರ್ ಮೂರು ತಿಂಗಳು ಶೇ. 4 ಮಾತ್ರ ಗಳಿಸುತ್ತದೆ. ಆ ಅಂತರವನ್ನು ಬ್ಯಾಂಕ್ ದರದಲ್ಲಿ ಸೇರಿಸುತ್ತದೆ. ವರ್ಷಕ್ಕೆ 360 ದಿನ ಹಿಡಿದರೆ 90 ದಿನಕ್ಕೆ ನಮ್ಮ ಬಡ್ಡಿ ಶೇ. 2, ಡಾಲರಿನದು ಶೇ. 1. ಹಾಗಾಗಿ ಫಾರ್ವರ್ಡ್ ದರ ಹೀಗೆ ಬರುತ್ತದೆ:

```
100 × 1.02 / 1.01 = 100.99
```

ಈ 0.99 ಪ್ರೀಮಿಯಂ ಕಮಿಷನ್ ಅಲ್ಲ. ಡಾಲರಿಗೆ ಕೊಡಬೇಕಾದ ಹಣ ಈ 90 ದಿನ ನಮ್ಮ ಕೈಯಲ್ಲೇ ಇದ್ದು ಶೇ. 8 ದುಡಿಯುತ್ತದೆ, ಅಲ್ವಾ? ಆ ಕಡೆ ಬಂದದ್ದು ಈ ಕಡೆ ಹೋಗುತ್ತದೆ. ಡಾಲರಿನ ಬಡ್ಡಿಯೇ ನಮ್ಮದಕ್ಕಿಂತ ಜಾಸ್ತಿ ಇದ್ದಿದ್ದರೆ ಫಾರ್ವರ್ಡ್ ದರ ಸ್ಪಾಟಿಗಿಂತ ಕಡಿಮೆ ಬರುತ್ತಿತ್ತು. ಮುಂದೆ ಡಾಲರ್ ಏರುತ್ತದೋ ಇಳಿಯುತ್ತದೋ ಎಂಬ ಬ್ಯಾಂಕಿನ ಊಹೆಗೂ ಈ ಅಂಕಿಗೂ ಸಂಬಂಧವಿಲ್ಲ.

ನಿಜವಾದ ಖರ್ಚು ಉಳಿದ 0.21. ಅದು ಬ್ಯಾಂಕಿನ ಮಾರ್ಜಿನ್. 1 ಲಕ್ಷ ಡಾಲರಿಗೆ 21 ಸಾವಿರ. ಇದು ಬಿಲ್ಲಿನಲ್ಲಿ ಎಲ್ಲೂ ಬೇರೆಯಾಗಿ ಕಾಣುವುದಿಲ್ಲ, ದರದ ಒಳಗೇ ಕೂತಿರುತ್ತದೆ. ಹಾಗಾಗಿ ಈಗ ನಾನು "ಫಾರ್ವರ್ಡ್ ದರ ಎಷ್ಟು?" ಎಂದಷ್ಟೇ ಕೇಳುವುದಿಲ್ಲ. ಸ್ಪಾಟ್ ಎಷ್ಟು, ಪ್ರೀಮಿಯಂ ಎಷ್ಟು, ಮಾರ್ಜಿನ್ ಎಷ್ಟು ಎಂದು ಮೂರನ್ನೂ ಬಿಡಿಸಿ ಕೇಳುತ್ತೇನೆ. ಅದೇ ಹೊತ್ತಿಗೆ ಇನ್ನೊಂದು ಬ್ಯಾಂಕಿನಲ್ಲೂ ಕೇಳುತ್ತೇನೆ. ಹತ್ತು ನಿಮಿಷ ಬಿಟ್ಟು ಕೇಳಿದರೆ ಅಷ್ಟರಲ್ಲಿ ಸ್ಪಾಟ್ ಬದಲಾಗಿ ಹೋಲಿಕೆಗೆ ಅರ್ಥ ಇರುವುದಿಲ್ಲ. ಹೀಗೆ ಕೇಳಲು ಶುರು ಮಾಡಿದ ಮೇಲೆ ನಮ್ಮ ಆಮದಿನ ಮಾರ್ಜಿನ್ 0.21ರಿಂದ 0.08ಕ್ಕೆ ಇಳಿಯಿತು. ಇನ್ನೊಂದು ಖರ್ಚು ದರದಲ್ಲಿ ಇರುವುದಿಲ್ಲ. ಫಾರ್ವರ್ಡ್ ಬುಕ್ ಮಾಡಿದರೆ ನಮ್ಮ ಸಾಲದ ಮಿತಿಯ ಒಂದು ಭಾಗವನ್ನು ಬ್ಯಾಂಕ್ ಹಿಡಿದಿಡುತ್ತದೆ. ಬುಕ್ ಮಾಡುವ ಮೊದಲೇ ಅದನ್ನೂ ಕೇಳಿ.

ಆ ಬಿಲ್ಲಿನ 90ನೇ ದಿನ ಸ್ಪಾಟ್ 99 ಇತ್ತು. ನಾವು ಕೊಟ್ಟಿದ್ದು 101.20. "2 ಲಕ್ಷ 20 ಸಾವಿರ ನಷ್ಟ" ಎಂಬ ಮಾತು ಮತ್ತೆ ಬಂತು. ನಾನು ಇದನ್ನು ಒಪ್ಪುವುದಿಲ್ಲ. ಮಾಲಿಗೆ ಬೆಲೆ ಕಟ್ಟುವಾಗ ಡಾಲರನ್ನು 101.20 ಎಂದೇ ಹಿಡಿದಿದ್ದೆವು. ಅಂದುಕೊಂಡ ಲಾಭ ಹಾಗೇ ಕೈಗೆ ಬಂತು. ಡಾಲರ್ ಇಳಿದದ್ದು ಕೊನೆಯ ದಿನ ಗೊತ್ತಾದ ಸಂಗತಿ.

ಬ್ಯಾಂಕ್ ಮಾಡುವುದನ್ನೇ ನಾವು ಮಾಡಿದರೆ? ಇವತ್ತೇ ಸಾಲ ಮಾಡಿ ಡಾಲರ್ ಕೊಂಡು ಠೇವಣಿ ಇಟ್ಟರೆ? ಇದನ್ನು ಕಾಗದದ ಮೇಲೆ ಮಾತ್ರ ನೋಡಿ ಕೈಬಿಟ್ಟೆ. ನಮಗೆ ಸಾಲ ಸಿಗುವುದು ಶೇ. 11ಕ್ಕೆ, ಡಾಲರ್ ಠೇವಣಿಗೆ ಬರುವುದು ಶೇ. 3. ಹಾಗೆ ಮಾಡಿದರೆ ಡಾಲರ್ 101.99 ಬೀಳುತ್ತದೆ. 101.20ರ ಫಾರ್ವರ್ಡೇ ಅಗ್ಗ.

ಮೂರನೇ ಬಿಲ್ಲಿಗೆ ಆಪ್ಷನ್ ತೆಗೆದುಕೊಂಡೆ. 101ಕ್ಕೆ ಡಾಲರ್ ಕೊಳ್ಳುವ ಹಕ್ಕು ನಮ್ಮದು, ಕೊಳ್ಳಲೇಬೇಕು ಎಂದೇನಿಲ್ಲ. ಈ ಹಕ್ಕಿಗೆ ಡಾಲರಿಗೆ 1.80ರಂತೆ 1 ಲಕ್ಷ 80 ಸಾವಿರವನ್ನು ಮೊದಲ ದಿನವೇ ಕಟ್ಟಬೇಕಾಯಿತು. ಇಲ್ಲಿ ಪ್ರೀಮಿಯಂ ಎಂಬ ಪದವೇ ಬೇರೆ ಅರ್ಥದಲ್ಲಿ ಬರುತ್ತದೆ. ಫಾರ್ವರ್ಡಿನದು ಬಡ್ಡಿಯ ಅಂತರ. ಇದು ವಿಮೆಯ ಕಂತಿನ ಹಾಗೆ, ಕೊಟ್ಟರೆ ವಾಪಸ್ ಬರುವುದಿಲ್ಲ. ಅದೃಷ್ಟಕ್ಕೆ ಆ ಸಲ ಡಾಲರ್ 97ಕ್ಕೆ ಬಿತ್ತು. ಹಕ್ಕನ್ನು ಬಿಟ್ಟು ಮಾರುಕಟ್ಟೆಯಲ್ಲೇ ಕೊಂಡೆವು. 97 ಮತ್ತು 1.80 ಸೇರಿ 98.80 ಆಯಿತು. 101.20ರ ಫಾರ್ವರ್ಡಿಗಿಂತ ಚೆನ್ನಾಗಿಯೇ ಆಯಿತು. ಆದರೆ ಅದನ್ನು ನೋಡಿ ಮರುಳಾಗಬಾರದು. ಡಾಲರ್ 99.40ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಆಪ್ಷನ್ ಗೆಲ್ಲುತ್ತದೆ. ಡಾಲರ್ ಏರಿದರೆ ನಮಗೆ 102.80 ಬೀಳುತ್ತದೆ, ಅದು ಫಾರ್ವರ್ಡಿಗಿಂತ 1.60 ಜಾಸ್ತಿ. ಬಿಲ್ಲು ಖಚಿತವಾಗಿದ್ದರೆ ಇಷ್ಟು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಟೆಂಡರ್ ಹಾಕಿದ್ದೇವೆ, ಆರ್ಡರ್ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ ಎನ್ನುವಾಗ ಮಾತ್ರ ಆಪ್ಷನ್ ಸರಿ. ಅಲ್ಲಿ ಫಾರ್ವರ್ಡ್ ಮಾಡಿ, ಆರ್ಡರ್ ಕೈತಪ್ಪಿದರೆ, ಇಲ್ಲದ ವ್ಯವಹಾರದ ಮೇಲೆ ಒಪ್ಪಂದ ಉಳಿದುಬಿಡುತ್ತದೆ.

ಇನ್ನು ರಫ್ತಿನ ಕಡೆ. ಇಲ್ಲಿ ಅದೇ ಬಡ್ಡಿಯ ಅಂತರ ನಮ್ಮ ಪರವಾಗಿ ಕೆಲಸ ಮಾಡುತ್ತದೆ. 90 ದಿನಕ್ಕೆ ಬರಬೇಕಾದ 1 ಲಕ್ಷ ಡಾಲರನ್ನು ಫಾರ್ವರ್ಡಿನಲ್ಲಿ ಮಾರಿದೆ. 100.99ರಲ್ಲಿ ಮಾರ್ಜಿನ್ ಕಳೆದು 100.78 ಸಿಕ್ಕಿತು. ಇವತ್ತಿನ ದರಕ್ಕಿಂತ ಜಾಸ್ತಿ! ಏರಿಳಿತದಿಂದ ತಪ್ಪಿಸಿಕೊಂಡಿದ್ದಕ್ಕೆ ಬ್ಯಾಂಕೇ ನಮಗೆ ದುಡ್ಡು ಕೊಟ್ಟ ಹಾಗೆ ಅನಿಸಿತು. ಆದರೆ ಖರೀದಿದಾರರು ಹಣ ಕಳಿಸಲಿಲ್ಲ. ಇನ್ನೂ 45 ದಿನ ಬೇಕು ಎಂದರು.

ಫಾರ್ವರ್ಡ್ ಕಾಯುವುದಿಲ್ಲ. 90ನೇ ದಿನ ಡಾಲರ್ ಕೊಡಲೇಬೇಕು. ಆ ದಿನ ಸ್ಪಾಟ್ 104. ಹಳೆಯ ದರವನ್ನೇ ಮುಂದಿನ ತಾರೀಖಿಗೆ ತಳ್ಳಿ ಎಂದು ಕೇಳಿದೆ. ಬ್ಯಾಂಕ್ ಒಪ್ಪಲಿಲ್ಲ. ಹಾಗೆ ಮಾಡಿದರೆ ನಮ್ಮ ನಷ್ಟವನ್ನು ಮುಚ್ಚಿಟ್ಟು ಸಾಲ ಕೊಟ್ಟಂತೆ ಆಗುತ್ತದೆ ಎಂದರು. ಅವರ ಮಾತು ಸರಿಯೇ. ಹಾಗಾಗಿ ರೋಲ್‌ಓವರ್ ಮಾಡಬೇಕಾಯಿತು. 104.05ಕ್ಕೆ ಡಾಲರ್ ಕೊಂಡು 100.78ಕ್ಕೆ ಕೊಟ್ಟೆವು. ಅಂತರ 3.27. ಅಂದರೆ 3 ಲಕ್ಷ 27 ಸಾವಿರ ಅವತ್ತೇ ಕೈಯಿಂದ ಹೋಯಿತು. ಜೊತೆಗೆ ಮುಂದಿನ 45 ದಿನಕ್ಕೆ ಹೊಸ ಫಾರ್ವರ್ಡ್, ದರ 104.40.

ಕೊನೆಗೆ ಡಾಲರ್ ಬಂತು. 104.40ರಲ್ಲಿ 3.27 ಕಳೆದರೆ 101.13. ನಡುವೆ ಆ ಹಣಕ್ಕೆ ಶೇ. 11ರಂತೆ ಕಟ್ಟಿದ ಬಡ್ಡಿ ಸುಮಾರು 4,500 ಕಳೆದರೆ ಹತ್ತಿರ ಹತ್ತಿರ 101.08. ಅಂತಿಮ ದರದಲ್ಲಿ ಕೊರತೆ ಏನೂ ಇಲ್ಲ. ತೊಂದರೆ ಆದದ್ದು ಆ ಒಂದು ಬೆಳಿಗ್ಗೆ. ಸಂಬಳದ ವಾರದಲ್ಲಿ ಅಷ್ಟು ಹಣ ಎಲ್ಲಿಂದ ತರುವುದು? ಓವರ್‌ಡ್ರಾಫ್ಟ್ ಮಿತಿಯ ಕೊನೆಯವರೆಗೂ ಹೋದೆವು. ಅವತ್ತು ಡಾಲರ್ ಇಳಿದಿದ್ದರೆ ಇದೇ ರೋಲ್‌ಓವರಿನಲ್ಲಿ ಬ್ಯಾಂಕೇ ನಮಗೆ ಹಣ ಕೊಡುತ್ತಿತ್ತು. ಖರೀದಿದಾರರು ಹಣವನ್ನೇ ಕೊಡದೆ ಹೋಗಿದ್ದರೆ 3 ಲಕ್ಷ 27 ಸಾವಿರ ಪೂರ್ತಿ ನಷ್ಟವಾಗುತ್ತಿತ್ತು. ಫಾರ್ವರ್ಡ್ ದರವನ್ನು ಕಾಯುತ್ತದೆ, ಹಣ ಬರುವ ತಾರೀಖನ್ನು ಕಾಯುವುದಿಲ್ಲ.

ಅದೇ ಖರೀದಿದಾರರ ಮುಂದಿನ ಸರಕಿಗೆ ವಿಂಡೋ ಫಾರ್ವರ್ಡ್ ಮಾಡಿದೆ. ಇದರಲ್ಲಿ ಒಂದು ತಾರೀಖಿನ ಬದಲು ಒಂದು ಅವಧಿ ಇರುತ್ತದೆ. 90ನೇ ದಿನದಿಂದ 135ನೇ ದಿನದವರೆಗೆ ಯಾವತ್ತು ಬೇಕಾದರೂ ಡಾಲರ್ ಕೊಡಬಹುದು. ನಾವು ಯಾವ ದಿನ ಕೊಡುತ್ತೇವೆ ಎಂದು ಬ್ಯಾಂಕಿಗೆ ಗೊತ್ತಿಲ್ಲ. ಹಾಗಾಗಿ ತನಗೆ ಹೆಚ್ಚು ಸುರಕ್ಷಿತವಾದ ದಿನದ ದರ ಹಾಕುತ್ತದೆ. ಪ್ರೀಮಿಯಂ ಇರುವಾಗ ರಫ್ತುದಾರರಿಗೆ ಮೊದಲ ದಿನದ ದರ, ಆಮದುದಾರರಿಗೆ ಕೊನೆಯ ದಿನದ ದರ. ಅದಕ್ಕೇ ವಿಂಡೋವನ್ನು 75ನೇ ದಿನದಿಂದ ಶುರು ಮಾಡಲಿಲ್ಲ. ಈ ಖರೀದಿದಾರರು ಎಂದೂ ಬೇಗ ಕೊಟ್ಟವರಲ್ಲ. ಬೇಗ ಶುರು ಮಾಡಿದ್ದರೆ ಡಾಲರಿಗೆ 0.16 ಸುಮ್ನೆ ಬಿಟ್ಟುಕೊಟ್ಟಂತೆ ಆಗುತ್ತಿತ್ತು.

ಈ ಸಲವೂ ಹಣ ಬಂದದ್ದು 135ನೇ ದಿನವೇ. ಸಿಕ್ಕಿದ್ದು 100.78. ರೋಲ್‌ಓವರ್ ಮಾಡಿದಾಗಿನ 101.08ರ ಜೊತೆ ಹೋಲಿಸಿದರೆ 0.30 ಕಡಿಮೆ, ಅಂದರೆ 30 ಸಾವಿರ. ಲೆಕ್ಕದ ಪ್ರಕಾರ ರೋಲ್‌ಓವರೇ ಅಗ್ಗ, ಯಾಕೆಂದರೆ ಕಾದ ದಿನಗಳ ಪ್ರೀಮಿಯಂ ಅಲ್ಲಿ ನಮಗೆ ಸಿಗುತ್ತದೆ, ವಿಂಡೋದಲ್ಲಿ ಬ್ಯಾಂಕಿಗೆ ಹೋಗುತ್ತದೆ. ಕೈಯಲ್ಲಿ ಧಾರಾಳವಾಗಿ ಹಣ ಇರುವ ಕಂಪನಿಯಾದರೆ ನಾನು ರೋಲ್‌ಓವರನ್ನೇ ಆರಿಸುತ್ತಿದ್ದೆ. ನಮ್ಮಲ್ಲಿ ಅಷ್ಟು ಹಣ ಇಲ್ಲ. ಹಾಗಾಗಿ ಈ ಒಬ್ಬ ಖರೀದಿದಾರರಿಗೆ ವಿಂಡೋ, ಹೇಳಿದ ದಿನಕ್ಕೆ ಕೊಡುವವರಿಗೆ ಮಾಮೂಲಿ ಫಾರ್ವರ್ಡ್ ಎಂದು ಇಟ್ಟುಕೊಂಡಿದ್ದೇನೆ. ಅದಕ್ಕೂ ಮೊದಲು ಒಂದು ಕೆಲಸ ಮಾಡುತ್ತೇನೆ. ಅದೇ ತಿಂಗಳು ಬರುವ ಡಾಲರನ್ನೂ ಹೋಗುವ ಡಾಲರನ್ನೂ ಎದುರುಬದುರು ಬರೆದು, ಒಂದಕ್ಕೊಂದು ವಜಾ ಹಾಕುತ್ತೇನೆ. ಬ್ಯಾಂಕಿಗೆ ಫೋನ್ ಮಾಡುವುದು ಉಳಿದ ಮೊತ್ತಕ್ಕೆ ಮಾತ್ರ.