ಬಾದಾಮಿ ಖಾಲಿಯಾದ ಮೇಲೂ ನಮ್ಮ ಜಾಹೀರಾತು ಓಡುತ್ತಲೇ ಇತ್ತು

ನಾವು ಶ್ರೀನಿವಾಸಪುರದ ಕಡೆಯವರು. ಮನೆಯದೇ ಮಾವಿನ ತೋಟ ಇದೆ. ಮೂರು ವರ್ಷದಿಂದ ಹಣ್ಣನ್ನು ಬಾಕ್ಸ್ ಮಾಡಿ ನಮ್ಮದೇ ವೆಬ್‌ಸೈಟಿನಲ್ಲಿ ಬೆಂಗಳೂರಿನವರಿಗೆ ಮಾರುತ್ತಿದ್ದೇವೆ. ಕಳೆದ ಸೀಸನ್ನಿನಲ್ಲಿ ಒಂದು ಶನಿವಾರ ಏನಾಯಿತು ಅಂತ ಹೇಳುತ್ತೇನೆ. ದಿನದಿನಕ್ಕೂ ಸ್ಟಾಕ್ ಬದಲಾಗುವ ಸಾಮಾನು ಮಾರಿ, ಅದಕ್ಕೆ ಗೂಗಲ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ದುಡ್ಡು ಕೊಟ್ಟು ಜಾಹೀರಾತು ಹಾಕುವವರು ದಯವಿಟ್ಟು ಓದಿ.

ಶುಕ್ರವಾರ ರಾತ್ರಿ ಎಣಿಸಿದಾಗ ಬಾದಾಮಿ ಮಾವಿನ 3 ಕೆಜಿ ಬಾಕ್ಸ್ 60 ಇತ್ತು. ಬಾಕ್ಸಿಗೆ 780 ರೂಪಾಯಿ. ಸೈಟಿನ ಸ್ಟಾಕ್‌ನಲ್ಲಿ 60 ಅಂತ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದರೆ ವಾಟ್ಸಾಪ್‌ನಲ್ಲಿ ಹಳೇ ಗಿರಾಕಿಗಳು. ಅವರಿಗೆ 18 ಬಾಕ್ಸ್ ತೆಗೆದಿಟ್ಟೆವು. ಆಮೇಲೆ ಕಾರಿನಲ್ಲಿ ತೋಟಕ್ಕೇ ಬಂದವರು 14 ತೆಗೆದುಕೊಂಡು ಹೋದರು. ಉಳಿದದ್ದು 28. ಈ 32 ಬಾಕ್ಸ್ ಹೋದದ್ದನ್ನು ಯಾರೂ ಸೈಟಿನಲ್ಲಿ ಕಳೆಯಲಿಲ್ಲ. ಸೈಟಿನ ಲೆಕ್ಕದಲ್ಲಿ ಇನ್ನೂ 60 ಇದೆ, ಶನಿವಾರ ಬೇರೆ, ಜಾಹೀರಾತು ಜೋರಾಗಿ ಓಡುತ್ತಿದೆ.

ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಪ್ಯಾಕಿಂಗ್ ನೋಡಿಕೊಳ್ಳುವ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಬಾಕ್ಸ್ ಎಲ್ಲಾ ಆಗೋಯ್ತು. ಲಿಸ್ಟ್ ಮಾತ್ರ ಇನ್ನೂ ಐತೆ."

ಸೈಟ್ ನೋಡಿದರೆ 51 ಆರ್ಡರ್ ಬಂದಿತ್ತು. ಕೈಯಲ್ಲಿದ್ದದ್ದು 28. ಅಂದರೆ 23 ಜನರಿಂದ ಇಲ್ಲದ ಹಣ್ಣಿಗೆ ದುಡ್ಡು ತೆಗೆದುಕೊಂಡಿದ್ದೆವು. ಒಟ್ಟು 17,940 ರೂಪಾಯಿ ವಾಪಸ್ ಕೊಟ್ಟೆ. ಪೇಮೆಂಟ್ ಗೇಟ್‌ವೇಗೆ ನಮ್ಮದು ನೂರಕ್ಕೆ 2 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರೀಫಂಡ್ ಮಾಡಿದರೂ ಆ ದುಡ್ಡು ವಾಪಸ್ ಬರಲ್ಲ. ಹಾಗೆ ಸುಮಾರು 420 ರೂಪಾಯಿ ಹೋಯಿತು. ಹೋಗಲಿ ಬಿಡಿ, ಅದು ಚಿಲ್ಲರೆ. ಒಬ್ಬೊಬ್ಬರಿಗೂ ಫೋನ್ ಮಾಡಿ "ಕ್ಷಮಿಸಿ, ಹಣ್ಣಿಲ್ಲ" ಅನ್ನುವುದಿದೆಯಲ್ಲ, ಅದೇ ಕಷ್ಟ. ಒಬ್ಬರು ಅಮ್ಮನ ಹುಟ್ಟುಹಬ್ಬಕ್ಕೆ ಅಂತ ತರಿಸಿದ್ದರಂತೆ.

ತಕ್ಷಣ ಸೈಟಿನಲ್ಲಿ ಸ್ಟಾಕ್ ಸೊನ್ನೆ ಮಾಡಿದೆ. "ಖರೀದಿಸಿ" ಬಟನ್ ಹೋಗಿ "ಖಾಲಿ ಆಗಿದೆ" ಅಂತ ಬಂತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ನನ್ನ ನಿಜವಾದ ತಪ್ಪು ಶುರುವಾದದ್ದು ಅಲ್ಲಿಂದಲೇ.

ಗೂಗಲ್‌ನಲ್ಲಿ ಫೋಟೋ, ಬೆಲೆ ಸಮೇತ ಕಾಣುತ್ತದಲ್ಲ, ಆ ಶಾಪಿಂಗ್ ಜಾಹೀರಾತು, ಅದು ನಮ್ಮ ಸೈಟನ್ನು ನಿಮಿಷ ನಿಮಿಷಕ್ಕೂ ನೋಡಿಕೊಂಡು ಓಡುವುದಿಲ್ಲ. ಅದು ಓಡುವುದು ಗೂಗಲ್‌ನ ಮರ್ಚೆಂಟ್ ಸೆಂಟರ್‌ಗೆ ನಾವು ಕೊಟ್ಟಿರುವ ಫೀಡ್ ಮೇಲೆ. ಫೀಡ್ ಅಂದರೆ ಸಾಮಾನುಗಳ ಪಟ್ಟಿ, ಒಂದೊಂದು ಸಾಮಾನಿಗೆ ಒಂದೊಂದು ಸಾಲು. ಅದರಲ್ಲಿ `availability` ಅಂತ ಒಂದು ಕಾಲಮ್ ಇರುತ್ತದೆ. ಅಲ್ಲಿ `in_stock` ಅಂತಿದ್ದರೆ ಜಾಹೀರಾತು ಓಡುತ್ತದೆ, `out_of_stock` ಅಂತಿದ್ದರೆ ನಿಲ್ಲುತ್ತದೆ. ನಮ್ಮ ಫೀಡನ್ನು ಗೂಗಲ್ ಎತ್ತಿಕೊಳ್ಳುತ್ತಿದ್ದದ್ದು ದಿನಕ್ಕೆ ಒಂದೇ ಸಲ, ಬೆಳಗಿನ ಜಾವ ನಾಲ್ಕಕ್ಕೆ. ಅಂದರೆ ಮಧ್ಯಾಹ್ನ ಖಾಲಿಯಾದದ್ದು ಗೂಗಲ್‌ಗೆ ಗೊತ್ತಾಗಬೇಕಾದರೆ ಇನ್ನೂ ಹದಿನೈದು ಗಂಟೆ ಬೇಕು.

ಭಾನುವಾರ ಬೆಳಿಗ್ಗೆಗಾದರೂ ನಿಲ್ಲಬೇಕಿತ್ತಲ್ವಾ? ನಿಲ್ಲಲಿಲ್ಲ. ಯಾಕೆ ಅಂತ ಸಂಜೆ ಹುಡುಕಿದಾಗ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನಮ್ಮ ಫೀಡ್ ಒಂದು ಗೂಗಲ್ ಶೀಟ್. ಸೈಟ್ ಮಾಡಿಕೊಟ್ಟವರು ಮೊದಲ ವರ್ಷ ಆ ಕಾಲಮ್‌ನಲ್ಲಿ ಮೇಲಿಂದ ಕೆಳಗಿನವರೆಗೆ `in_stock` ಅಂತ ಕೈಯಾರೆ ತುಂಬಿ ಹೋಗಿದ್ದರು. ಸೈಟಿನ ಸ್ಟಾಕಿಗೂ ಆ ಶೀಟಿಗೂ ಸಂಬಂಧವೇ ಇರಲಿಲ್ಲ. ಎರಡು ವರ್ಷ ಅದು ಹಾಗೇ ಓಡಿದೆ, ನಾವು ಒಂದು ದಿನವೂ ತೆರೆದು ನೋಡಿಲ್ಲ.

ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಆ ಒಂದೇ ಬಾಕ್ಸಿನ ಜಾಹೀರಾತಿಗೆ 386 ಕ್ಲಿಕ್. ಕ್ಲಿಕ್ಕಿಗೆ ಸರಾಸರಿ 7 ರೂಪಾಯಿ. "ಖಾಲಿ ಆಗಿದೆ" ಅನ್ನುವ ಪುಟ ತೋರಿಸಲು 2,702 ರೂಪಾಯಿ ಸುರಿದೆ. ನಿಮ್ಮಲ್ಲೂ ಹೀಗಾಗುತ್ತಿದೆಯಾ ಅಂತ ತಿಳಿಯಲು ಇದನ್ನೇ ನೋಡಿ: ಒಂದು ಸಾಮಾನಿಗೆ ಕ್ಲಿಕ್ ಮಾಮೂಲಿಯಾಗಿ ಬರುತ್ತಿದೆ, ಆರ್ಡರ್ ಮಾತ್ರ ಯಾವುದೋ ಒಂದು ಗಂಟೆಯಿಂದ ಸೊನ್ನೆ. ಒಟ್ಟು ಲೆಕ್ಕದಲ್ಲಿ ಇದು ಕಾಣಲ್ಲ, ಬೇರೆ ಹಣ್ಣಿನ ಮಾರಾಟದಲ್ಲಿ ಮುಚ್ಚಿಹೋಗುತ್ತದೆ. ಸಾಮಾನಿನ ಪ್ರಕಾರ ಬಿಡಿಸಿ ನೋಡಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಫೀಡ್ ಒಂದು ಹೇಳಿ ಪುಟ ಇನ್ನೊಂದು ಹೇಳಿದರೆ ಗೂಗಲ್ ಒಪ್ಪಲ್ಲ. ಸೋಮವಾರ ಮೇಲ್ ಬಂತು. ಲಭ್ಯತೆ ತಾಳೆಯಾಗುತ್ತಿಲ್ಲ ಅಂತ ಬಾದಾಮಿ ಬಾಕ್ಸನ್ನು ತಿರಸ್ಕರಿಸಿದ್ದರು. ಅವರದ್ದೇನೂ ತಪ್ಪಿಲ್ಲ, ಅವರ ನಿಯಮದಲ್ಲಿ ಸ್ಪಷ್ಟವಾಗಿ ಇದೆ. ಆದರೆ ಬುಧವಾರ ಮತ್ತೆ ಕಟಾವು ಆಗಿ 80 ಬಾಕ್ಸ್ ರೆಡಿಯಾಯಿತು. ಈಗ ಹಣ್ಣಿದೆ, ಜಾಹೀರಾತು ಇಲ್ಲ! ಎಲ್ಲ ಸರಿಮಾಡಿ ಮರುಪರಿಶೀಲನೆಗೆ ಕೊಟ್ಟರೂ ಮತ್ತೆ ಕಾಣಿಸಿಕೊಂಡದ್ದು ಶುಕ್ರವಾರ. ಮಾವು ಅಲ್ಲಿಯವರೆಗೆ ಕಾಯುತ್ತದಾ? ಅರ್ಧಕ್ಕಿಂತ ಜಾಸ್ತಿ ಮಂಡಿಗೆ ಹಾಕಿದೆವು, ಅಲ್ಲಿ ಸಿಕ್ಕಿದ ರೇಟಿಗೆ. ನಮಗೆ ದೊಡ್ಡ ಪೆಟ್ಟು ಬಿದ್ದದ್ದು ಅದೇ. ರೀಫಂಡೂ ಕ್ಲಿಕ್ಕಿನ ದುಡ್ಡೂ ಅದರ ಮುಂದೆ ಏನೂ ಅಲ್ಲ.

ಸರಿಮಾಡುವಾಗ ಇನ್ನೊಂದು ಹುಳುಕು ಸಿಕ್ಕಿತು. ಪುಟದಲ್ಲಿ ಜನರಿಗೆ ಕಾಣುವ ಅಕ್ಷರ ಬೇರೆ, ಗೂಗಲ್ ಓದಲಿ ಅಂತ ಒಳಗೆ ಇಟ್ಟಿರುವ ಕೋಡ್ ಬೇರೆ. ಬ್ರೌಸರಿನಲ್ಲಿ ಪುಟದ ಸೋರ್ಸ್ ತೆರೆದು `availability` ಅಂತ ಹುಡುಕಿದೆ. ಹೊರಗೆ "ಖಾಲಿ ಆಗಿದೆ" ಅಂತಿದ್ದರೂ ಒಳಗೆ ಹೀಗೇ ಇತ್ತು:

```
"availability": "https://schema.org/InStock"
```

ಥೀಮ್‌ನಲ್ಲಿ ಇದನ್ನು ಅಚ್ಚು ಒತ್ತಿದ ಹಾಗೆ ಬರೆದಿಟ್ಟಿದ್ದರು. ಸ್ಟಾಕ್ ಸೊನ್ನೆಯಾದರೆ ಇದು ತಾನಾಗಿಯೇ `OutOfStock` ಆಗಬೇಕು. ಮರ್ಚೆಂಟ್ ಸೆಂಟರ್‌ನಲ್ಲಿ ಪುಟ ನೋಡಿ ಲಭ್ಯತೆಯನ್ನು ತಾನೇ ತಿದ್ದಿಕೊಳ್ಳುವ ಒಂದು ಸೌಲಭ್ಯ ಇದೆ. ಅದು ಮುಖ್ಯವಾಗಿ ಓದುವುದು ಈ ಸಾಲನ್ನು. ಸಾಲೇ ಸುಳ್ಳು ಹೇಳಿದರೆ ಅದು ಏನು ತಿದ್ದೀತು? ಸಾಲು ಸರಿಯಿದ್ದರೂ ಅದನ್ನೇ ನಂಬಿ ಕೂರಬೇಡಿ. ಗೂಗಲ್ ಪುಟಕ್ಕೆ ಬರುವುದು ತನಗೆ ತೋಚಿದಾಗ.

ಆಮೇಲೆ ನಾನು ಇನ್ನೊಂದು ಅತಿಬುದ್ಧಿ ಮಾಡಿದೆ. ಐದು ಬಾಕ್ಸ್ ಉಳಿದಾಗಲೇ ಜಾಹೀರಾತು ನಿಲ್ಲಲಿ ಅಂತ, ಶೀಟಿನಲ್ಲಿ ಐದಕ್ಕೆ ಇಳಿದ ಕೂಡಲೇ `out_of_stock` ಬರುವ ಹಾಗೆ ಮಾಡಿದೆ. ಕೇಳಲು ಚೆನ್ನಾಗಿದೆ. ಆದರೆ ಪುಟದಲ್ಲಿ ಇನ್ನೂ ಐದು ಬಾಕ್ಸ್ ಮಾರಾಟಕ್ಕೆ ಇದೆಯಲ್ಲ, ಮತ್ತೆ ಫೀಡು ಪುಟ ಬೇರೆ ಬೇರೆ! ಉಲ್ಟಾ ಆದರೂ ತಾಳೆ ತಪ್ಪಿದ್ದು ತಪ್ಪಿದ್ದೇ. ಆ ಐದನ್ನು ಸೈಟಿನ ಸ್ಟಾಕ್ ಹಾಕುವಾಗಲೇ ಕಳೆಯಬೇಕು.

ಈಗ ನಾವು ಮಾಡುವುದು ಹೀಗೆ. 60 ಬಾಕ್ಸ್ ಇದ್ದರೆ 20 ತೋಟಕ್ಕೆ ಬರುವವರಿಗೆ ಮತ್ತು ವಾಟ್ಸಾಪ್‌ಗೆ, 5 ಕೊಳೆತದ್ದು ಜಜ್ಜಿದ್ದಕ್ಕೆ. ಸೈಟಿಗೆ ಹಾಕುವುದು 35 ಮಾತ್ರ. ಆ 35ಕ್ಕೆ ಬೇರೆ ಯಾರೂ ಕೈಹಾಕುವಂತಿಲ್ಲ, ನಮ್ಮಮ್ಮ ಕೂಡ. ಶೀಟನ್ನು ಬಿಸಾಡಿದೆವು. ಫೀಡ್ ಈಗ ಸೈಟಿನ ಸ್ಟಾಕಿನಿಂದಲೇ ತಯಾರಾಗುತ್ತದೆ, ಹಾಗಾಗಿ ಪುಟ ಒಂದು ಫೀಡ್ ಒಂದು ಹೇಳುವ ಹಾಗಿಲ್ಲ. ಗೂಗಲ್ ಅದನ್ನು ಬೆಳಗಿನ ಜಾವ ನಾಲ್ಕಕ್ಕೆ ಒಂದೇ ಸಲ ಎತ್ತಿಕೊಳ್ಳುವ ಸಮಸ್ಯೆ ಮಾತ್ರ ಉಳಿದಿದೆ. ದೊಡ್ಡ ಅಂಗಡಿಯವರು ಎಪಿಐ ಮೂಲಕ, ಅಂದರೆ ಅವರ ಸೈಟೇ ನೇರವಾಗಿ ಗೂಗಲ್‌ಗೆ ಹೇಳುವ ಹಾಗೆ ಮಾಡಿ, ಸ್ಟಾಕ್ ಬದಲಾದ ಹಾಗೇ ಫೀಡಿನ ಆ ಒಂದು ಸಾಲನ್ನು ಕಳಿಸುತ್ತಾರೆ. ನಮಗೆ ಇರುವುದು ಆರೇಳು ಸಾಮಾನು. ಖಾಲಿಯಾದ ಕೂಡಲೇ ಅಕ್ಕನ ಮಗ ಮರ್ಚೆಂಟ್ ಸೆಂಟರ್‌ಗೆ ಹೋಗಿ ಫೀಡನ್ನು ಈಗಲೇ ಎತ್ತಿಕೊಳ್ಳುವ ಹಾಗೆ ಬಟನ್ ಒತ್ತುತ್ತಾನೆ. ಅಷ್ಟು ಸಾಕು.

ಖಾಲಿಯಾಯಿತು ಅಂತ ಫೀಡಿನಿಂದ ಆ ಸಾಲನ್ನೇ ಅಳಿಸಬೇಡಿ. ಸ್ನೇಹಿತರೊಬ್ಬರು ಹಾಗೆ ಮಾಡುತ್ತಿದ್ದರು. ಅಳಿಸಿ ಮತ್ತೆ ಹಾಕಿದರೆ ಹೊಸ ಸಾಮಾನಿನ ಹಾಗೆ ಮತ್ತೆ ಪರಿಶೀಲನೆಗೆ ಹೋಗುತ್ತದೆ. `id` ಅದೇ ಇರಲಿ, `out_of_stock` ಅಂತ ಮಾತ್ರ ಬದಲಾಗಲಿ. ಮಲ್ಲಿಕಾ ಮಾವಿಗೆ `preorder` ಅಂತ ಹಾಕಿ ಮುಂಚೆಯೇ ಬುಕಿಂಗ್ ತೆಗೆದುಕೊಳ್ಳೋಣ ಅಂತಲೂ ಯೋಚಿಸಿದ್ದೆ. ಅದಕ್ಕೆ ಹಣ್ಣು ಯಾವತ್ತು ಸಿಗುತ್ತದೆ ಅಂತ ತಾರೀಕು ಕೊಡಬೇಕು. ಮೇ ತಿಂಗಳ ಒಂದು ಆಲಿಕಲ್ಲು ಮಳೆ ಸಾಕು, ತಾರೀಕೆಲ್ಲ ತಲೆಕೆಳಗು. ಬಿಟ್ಟುಬಿಟ್ಟೆ.

ಇಷ್ಟೆಲ್ಲ ಫೀಡಿನ ಮೇಲೆ ಓಡುವ ಜಾಹೀರಾತಿಗೆ ಆಯಿತು. ಗೂಗಲ್‌ನಲ್ಲಿ ಬರೀ ಅಕ್ಷರದ ಜಾಹೀರಾತು, ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಫೋಟೋ ಹಾಕಿ ಮಾಡಿದ ಜಾಹೀರಾತು, ಇವು ಫೀಡಿನ ಕಡೆ ತಿರುಗಿಯೂ ನೋಡಲ್ಲ. ಅದೇ ಶನಿವಾರ ನಮ್ಮ ಬಾದಾಮಿ ಫೋಟೋದ ಕೆಳಗೆ ಒಬ್ಬರು ಬರೆದಿದ್ದರು: "ಹಣ್ಣಿಲ್ಲದ ಮೇಲೆ ಯಾಕ್ರೀ ಜಾಹೀರಾತು?" ಉತ್ತರ ಕೊಡಲು ನನ್ನ ಹತ್ತಿರ ಏನಿತ್ತು? ಈಗ ಇವನ್ನು ಹಣ್ಣಿನ ಹೆಸರಿನಲ್ಲೇ ಬೇರೆ ಬೇರೆ ಮಾಡಿಟ್ಟಿದ್ದೇವೆ. ಬಾದಾಮಿ ಒಂದು ಗುಂಪು, ರಸಪುರಿ ಒಂದು, ಮಲ್ಲಿಕಾ ಒಂದು. ಮೊದಲು "ಕೋಲಾರದ ಮಾವು" ಅಂತ ಎಲ್ಲ ಒಂದೇ ಗುಂಪಿನಲ್ಲಿತ್ತು. ಒಂದು ಹಣ್ಣು ಖಾಲಿಯಾದರೆ ಆ ಒಂದನ್ನೇ ನಿಲ್ಲಿಸಲು ಆಗುತ್ತಿರಲಿಲ್ಲ. ಈಗ ಫೋನಿನ ಆಪ್‌ನಲ್ಲೇ ಆ ಗುಂಪನ್ನು ನಿಲ್ಲಿಸಿದರೆ ಆಯಿತು.

ಈ ಸೀಸನ್ ಶುರುವಾಗುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ನೀವೂ ಇವತ್ತೇ ಮಾಡಬಹುದು. ಜಾಸ್ತಿ ಹೋಗದ ಒಂದು ಸಾಮಾನು, ನಮ್ಮಲ್ಲಿ ಉಪ್ಪಿನಕಾಯಿ, ಅದರ ಸ್ಟಾಕನ್ನು ಸೊನ್ನೆ ಮಾಡಿ ಗಡಿಯಾರ ನೋಡುತ್ತಾ ಕೂತೆ. ಪುಟದ ಬಟನ್ ಕೂಡಲೇ ಬದಲಾಯಿತು. ಒಳಗಿನ ಕೋಡೂ ಬದಲಾಯಿತು. ಫೀಡ್ ಫೈಲ್ ತೆರೆದರೆ ಅಲ್ಲೂ `out_of_stock` ಬಂದಿತ್ತು. ಮರ್ಚೆಂಟ್ ಸೆಂಟರ್‌ನಲ್ಲಿ ಬಟನ್ ಒತ್ತಿದ ಮೇಲೆ ಬದಲಾಯಿತು. ಇನ್‌ಸ್ಟಾಗ್ರಾಮ್‌ನ ಉಪ್ಪಿನಕಾಯಿ ಫೋಟೋ ಮಾತ್ರ ಸಂಜೆಯವರೆಗೂ ಓಡುತ್ತಲೇ ಇತ್ತು. ಅದನ್ನು ನಾನೇ ಹೋಗಿ ನಿಲ್ಲಿಸಿದೆ.