ಸ್ಟ್ಯಾಟಿಕ್ ಬಜೆಟ್ಟೋ, ಫ್ಲೆಕ್ಸಿಬಲ್ ಬಜೆಟ್ಟೋ: ಟೊಮೆಟೊ ಕ್ರೇಟ್ ಪ್ಲಾಂಟಿನ ಒಂದು ತಿಂಗಳ ಲೆಕ್ಕ

ತಿಂಗಳ ಮೊದಲೇ ಒಂದು ಉತ್ಪಾದನೆಗೆಂದು ಕಟ್ಟಿ ಆಮೇಲೆ ಬದಲಿಸದೆ ಇಡುವುದು ಸ್ಟ್ಯಾಟಿಕ್ ಬಜೆಟ್, ಅದೇ ದರಗಳನ್ನು ನಿಜವಾಗಿ ಆದ ಉತ್ಪಾದನೆಗೆ ಹಾಕಿ ಮತ್ತೆ ಕಟ್ಟುವುದು ಫ್ಲೆಕ್ಸಿಬಲ್ ಬಜೆಟ್. ಪ್ಲಾಂಟಿನ ಖರ್ಚಿಗೆ ಲಗಾಮು ಹಾಕಬೇಕು ಅಂದರೆ ನನ್ನ ಆಯ್ಕೆ ಫ್ಲೆಕ್ಸಿಬಲ್ ಬಜೆಟ್ಟೇ. ಸ್ಟ್ಯಾಟಿಕ್ ಬಜೆಟ್ ಬರೀ ತಪ್ಪು ಚಿತ್ರ ಕೊಟ್ಟು ಸುಮ್ಮನಾಗುವುದಿಲ್ಲ, ನಷ್ಟವನ್ನೇ ಉಳಿತಾಯ ಅಂತ ತೋರಿಸಿಬಿಡುತ್ತದೆ. ಕೋಲಾರದ ಮಂಡಿಗಳಲ್ಲಿ ಕಾಣುವಂಥ ಟೊಮೆಟೊ ಕ್ರೇಟ್ ಮಾಡುವ ಇಂಜೆಕ್ಷನ್ ಮೋಲ್ಡಿಂಗ್ ಘಟಕವೊಂದನ್ನು ಉದಾಹರಣೆಗೆ ಹಿಡಿಯೋಣ. ಅಂಕಿಗಳು ಲೆಕ್ಕಕ್ಕೆಂದು ಇಟ್ಟುಕೊಂಡವು.

ತಿಂಗಳಿಗೆ 20,000 ಕ್ರೇಟ್ ಎಂದು ಬಜೆಟ್. ಒಂದು ಕ್ರೇಟಿಗೆ 1.6 ಕೆಜಿ ಎಚ್‌ಡಿಪಿಇ ಪ್ಲಾಸ್ಟಿಕ್ ಕಾಳು, ಕೆಜಿಗೆ ₹100. ಕರೆಂಟಿಗೆ ತಿಂಗಳಿಗೆ ₹60,000, ಮೇಲೆ ಕ್ರೇಟಿಗೆ ₹9. ಎರಡು ಶಿಫ್ಟಿನ ಕೂಲಿ ₹1,50,000. ಬಾಡಿಗೆ, ಸೂಪರ್‌ವೈಸರ್ ಸಂಬಳ ಇತ್ಯಾದಿ ₹2,50,000. ಎಲ್ಲ ಸೇರಿ ₹38,40,000. ಕ್ರೇಟಿಗೆ ₹215ರಂತೆ ಮಾರಿದರೆ ₹4,60,000 ಲಾಭ ಉಳಿಯಬೇಕು.

ತಿಂಗಳ ಕೊನೆಗೆ ತಯಾರಾಗಿ ಮಾರಾಟವಾದದ್ದು 16,000 ಕ್ರೇಟ್, ಖರ್ಚು ₹33,42,200. ಸ್ಟ್ಯಾಟಿಕ್ ಬಜೆಟ್ಟಿನ ಪಕ್ಕದಲ್ಲಿಟ್ಟರೆ ₹4,97,800 ಕಡಿಮೆ ಖರ್ಚು. ಹಾಳೆಯಲ್ಲಿ ಕಾಳು, ಕರೆಂಟು ಎರಡೂ ಉಳಿತಾಯದ ಸಾಲಿನಲ್ಲೇ ಬರುತ್ತವೆ. ಆದರೆ 20,000 ಕ್ರೇಟಿನ ಕಾಳನ್ನೂ 16,000 ಕ್ರೇಟಿನ ಕಾಳನ್ನೂ ಹೋಲಿಸಿದರೆ ಕಡಿಮೆಯಾಗದೆ ಇನ್ನೇನಾದೀತು?

ಅದೇ ದರಗಳನ್ನು 16,000ಕ್ಕೆ ಹಾಕಿ ನೋಡಿ. ಕಾಳು ₹25,60,000, ಕರೆಂಟು ₹2,04,000, ಕೂಲಿ ₹1,50,000, ಉಳಿದದ್ದು ₹2,50,000. ಒಟ್ಟು ₹31,64,000. ಅಂದರೆ ಉಳಿತಾಯವಲ್ಲ, ₹1,78,200 ಹೆಚ್ಚು ಖರ್ಚಾಗಿದೆ. ಇದರಲ್ಲಿ ಕಾಳಿನದ್ದೇ ₹1,59,200. 25,600 ಕೆಜಿ ಸಾಕಾಗುವ ಕಡೆ 26,400 ಕೆಜಿ ಹೋಗಿದೆ, ದರವೂ ₹103 ಬಿದ್ದಿದೆ. ದರದಿಂದ ₹79,200, ಹೆಚ್ಚು ಬಳಕೆಯಿಂದ ₹80,000. ಮೊದಲನೆಯದನ್ನು ಖರೀದಿಯವರನ್ನು ಕೇಳಬೇಕು, ಎರಡನೆಯದನ್ನು ಮೆಷಿನ್ ಹತ್ತಿರ ಹೋಗಿ ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆ. 16,000 ಅಂದರೆ ಒಳ್ಳೆಯ ಕ್ರೇಟುಗಳ ಸಂಖ್ಯೆ, ಮೆಷಿನ್ ಹೊಡೆದ ಶಾಟ್‌ಗಳ ಸಂಖ್ಯೆಯಲ್ಲ. 500 ಕ್ರೇಟ್ ರಿಜೆಕ್ಟ್ ಆಗಿದ್ದು, ಕೌಂಟರಿನಲ್ಲಿರುವ 16,500ನ್ನೇ ಹಾಕಿಬಿಟ್ಟರೆ ಆ 800 ಕೆಜಿಯೂ ಬಜೆಟ್ಟಿಗೆ ಸೇರಿಹೋಗುತ್ತದೆ, ₹80,000 ಕಣ್ಣಿಗೇ ಬೀಳುವುದಿಲ್ಲ. ಗ್ರೈಂಡರಿಗೆ ಹಾಕಿ ಸ್ಟೋರಿಗೆ ವಾಪಸ್ ಕೊಟ್ಟ ಮಾಲಿದ್ದರೆ ಅದನ್ನು ಸ್ಟೋರಿನಿಂದ ಕೊಟ್ಟ ತೂಕದಲ್ಲಿ ಕಳೆಯಿರಿ, ಕ್ರೇಟಿನ ಸಂಖ್ಯೆಯನ್ನು ಮುಟ್ಟಬೇಡಿ.

ಇನ್ನು ಫ್ಲೆಕ್ಸಿಬಲ್ ಬಜೆಟ್ಟಿನಲ್ಲಿ ನಿಜವಾಗಿ ತಲೆ ತಿನ್ನುವುದು ಕರೆಂಟ್ ಬಿಲ್ಲು. ಕಾಳು ಕ್ರೇಟಿನ ಲೆಕ್ಕದಲ್ಲೇ ಏರಿಳಿಯುತ್ತದೆ, ಬಾಡಿಗೆ ಅಲುಗುವುದಿಲ್ಲ. ಕರೆಂಟು ಎರಡೂ ಹೌದು. ಬಿಲ್ಲಿನಲ್ಲಿ ಡಿಮಾಂಡ್ ಚಾರ್ಜ್ ಬೇರೆಯಾಗಿಯೇ ಇರುತ್ತದೆ, ಅದನ್ನು ಸ್ಥಿರ, ಯೂನಿಟ್ ಚಾರ್ಜನ್ನು ಅಸ್ಥಿರ ಅಂದುಕೊಂಡರೆ ಮುಗಿಯಿತಲ್ಲ ಎನಿಸುತ್ತದೆ. ಮುಗಿಯುವುದಿಲ್ಲ. ಬೆಳಿಗ್ಗೆ ಬ್ಯಾರಲ್ ಹೀಟರ್ ಬಿಸಿಯಾಗುವುದಕ್ಕೆ, ಚಿಲ್ಲರಿಗೆ, ಕಂಪ್ರೆಸರಿಗೆ, ದೀಪಕ್ಕೆ ಹೋಗುವ ಯೂನಿಟ್ಟುಗಳಲ್ಲಿ ಬಹುಪಾಲು ಮೆಷಿನ್ ಎಷ್ಟು ಕ್ರೇಟ್ ಹಾಕಿತು ಎಂದು ಕೇಳುವುದಿಲ್ಲ. ಹಾಗಾಗಿ ಸ್ಥಿರ ಭಾಗ ಡಿಮಾಂಡ್ ಚಾರ್ಜಿಗಿಂತ ಸಾಮಾನ್ಯವಾಗಿ ದೊಡ್ಡದು.

ಬೇರ್ಪಡಿಸುವ ಸುಲಭ ದಾರಿ ಎಂದರೆ ಅತಿ ಹೆಚ್ಚು, ಅತಿ ಕಡಿಮೆ ಉತ್ಪಾದನೆಯ ಎರಡು ತಿಂಗಳನ್ನು ಹಿಡಿಯುವುದು. 21,000 ಕ್ರೇಟಿನ ತಿಂಗಳಲ್ಲಿ ಬಿಲ್ಲು ₹2,49,000, 12,000 ಕ್ರೇಟಿನ ತಿಂಗಳಲ್ಲಿ ₹1,68,000 ಎನ್ನೋಣ. ವ್ಯತ್ಯಾಸ ₹81,000ವನ್ನು 9,000ದಿಂದ ಭಾಗಿಸಿದರೆ ಕ್ರೇಟಿಗೆ ₹9. 12,000 ಕ್ರೇಟಿನ ₹1,08,000 ಕಳೆದರೆ ಸ್ಥಿರ ಭಾಗ ₹60,000. ತಿಂಗಳನ್ನು ಆರಿಸುವುದು ಉತ್ಪಾದನೆ ನೋಡಿ, ಬಿಲ್ಲಿನ ಮೊತ್ತ ನೋಡಿ ಅಲ್ಲ.

ಕೆಡುವುದು ಎಲ್ಲಿ ಅಂದರೆ ಆ ಎರಡು ಬಿಲ್ಲುಗಳಲ್ಲಿ. ಕಡಿಮೆ ತಿಂಗಳ ಬಿಲ್ಲಿನಲ್ಲಿ ಹಳೆಯ ಬಾಕಿ ₹18,000 ಸೇರಿ ₹1,86,000 ಆಗಿತ್ತು, ಅದನ್ನು ಯಾರೂ ಗಮನಿಸಲಿಲ್ಲ ಎಂದುಕೊಳ್ಳಿ. ಕ್ರೇಟಿನ ದರ ₹7ಕ್ಕೆ ಇಳಿಯುತ್ತದೆ, ಸ್ಥಿರ ಭಾಗ ₹1,02,000ಕ್ಕೆ ಏರುತ್ತದೆ. 16,000 ಕ್ರೇಟಿಗೆ ಬಜೆಟ್ ₹2,14,000 ಎಂದು ಬರುತ್ತದೆ. ನಿಜವಾದ ಬಿಲ್ಲು ₹2,18,000 ಆಗಿದ್ದರೆ ಹೆಚ್ಚಾಗಿರುವುದು ₹4,000 ಮಾತ್ರ ಎನಿಸಿ ಸುಮ್ಮನಾಗುತ್ತೇವೆ. ಸರಿಯಾದ ಲೆಕ್ಕದಲ್ಲಿ ಅದು ₹14,000. ಮೋಲ್ಡ್ ಬದಲಿಸುವಾಗ ಹೀಟರ್ ಗಂಟೆಗಟ್ಟಲೆ ಉರಿದದ್ದೋ, ಏರ್ ಲೈನ್ ಸೋರುತ್ತಿರುವುದೋ ಗೊತ್ತಾಗದೆ ಉಳಿಯುವುದು ಇಂಥ ಕಡೆಯೇ. ಆದ್ದರಿಂದ ಬಿಲ್ಲಿನಿಂದ ಬಾಕಿ, ಬಡ್ಡಿ, ದಂಡ ತೆಗೆದೇ ಲೆಕ್ಕಕ್ಕೆ ಕೂರಬೇಕು. ನಡುವೆ ದರ ಪರಿಷ್ಕರಣೆ ಆಗಿದ್ದರೆ ರೂಪಾಯಿ ಬಿಟ್ಟು ಯೂನಿಟ್ಟಿನಲ್ಲೇ ಬೇರ್ಪಡಿಸಿ, ಆಮೇಲೆ ಹೊಸ ದರ ಹಾಕಬೇಕು.

ಮೀಟರ್ ರೀಡಿಂಗ್ ತಿಂಗಳ ಮಧ್ಯದಲ್ಲಿ ನಡೆಯುವ ಕಡೆ ಬಿಲ್ಲಿನ ತಿಂಗಳೂ ಉತ್ಪಾದನೆಯ ತಿಂಗಳೂ ಒಂದೇ ಆಗಿರುವುದಿಲ್ಲ. ಕೊನೆಯ ದಿನ ರಾತ್ರಿ ಶಿಫ್ಟ್ ಮುಗಿದಾಗ ಮೀಟರಿನ ಅಂಕಿಯನ್ನು ಲಾಗ್ ಬುಕ್ಕಿನಲ್ಲಿ ಬರೆಸಿದರೆ ಸಾಕು. ಆರೇಳು ತಿಂಗಳ ಅಂಕಿ ಸಿಕ್ಕ ಮೇಲೆ ಎರಡು ತಿಂಗಳನ್ನಷ್ಟೇ ನಂಬುವ ಅಗತ್ಯವೂ ಇರುವುದಿಲ್ಲ, ಎಲ್ಲವನ್ನೂ ಗ್ರಾಫಿನಲ್ಲಿ ಚುಕ್ಕಿ ಹಾಕಿ ನೋಡಿದರೆ ಗೆರೆ ಬಿಟ್ಟು ದೂರ ಕೂತ ತಿಂಗಳು ತಾನಾಗಿ ಕಾಣುತ್ತದೆ.

ಕೂಲಿಯಲ್ಲಿ ಮತ್ತೊಂದು ಸಣ್ಣ ತಪ್ಪು ನಡೆಯುತ್ತದೆ. ₹1,50,000ವನ್ನು 20,000ದಿಂದ ಭಾಗಿಸಿ ಕ್ರೇಟಿಗೆ ₹7.50 ಎಂದಿಟ್ಟರೆ 16,000ಕ್ಕೆ ₹1,20,000 ಆಗುತ್ತದೆ, ಶಿಫ್ಟಿನವರು ₹30,000 ಹೆಚ್ಚು ತಿಂದಂತೆ ಕಾಣುತ್ತದೆ. ಕೂಲಿ ಏರುವುದು ಶಿಫ್ಟಿನ ಮೆಟ್ಟಿಲಲ್ಲಿ. ಒಂದು ಶಿಫ್ಟಿಗೆ ತಿಂಗಳಿಗೆ 11,000 ಕ್ರೇಟ್ ಆಗುವುದಾದರೆ, E1ರಲ್ಲಿ ಒಳ್ಳೆಯ ಕ್ರೇಟಿನ ಸಂಖ್ಯೆ ಇಟ್ಟುಕೊಂಡು ಕೂಲಿಗೂ ಕರೆಂಟಿಗೂ ಹೀಗೆ ಬರೆಯಬಹುದು:

```
=ROUNDUP(E1/11000,0)*75000
=60000+9*E1
```

ಇದು 12,000ದಿಂದ 21,000 ಕ್ರೇಟಿನೊಳಗೆ ಮಾತ್ರ ನಂಬಿಕೆಗೆ ಅರ್ಹ. ಹತ್ತು ದಿನ ಪ್ಲಾಂಟ್ ನಿಂತ ತಿಂಗಳಿಗೆ ಅದೇ ₹9 ಹಾಕಿ ಯಾರನ್ನೂ ದೂರಬೇಡಿ.

ಸ್ಟ್ಯಾಟಿಕ್ ಬಜೆಟ್ಟನ್ನು ಎಸೆಯಿರಿ ಎನ್ನುತ್ತಿಲ್ಲ. ಬ್ಯಾಂಕಿಗೆ ವರ್ಕಿಂಗ್ ಕ್ಯಾಪಿಟಲ್ ಲಿಮಿಟ್ ಕೇಳುವಾಗ, ಸೀಸನ್ನಿಗೆ ಮೊದಲು ಕಾಳು ಬುಕ್ ಮಾಡುವಾಗ ಅದೇ ಬೇಕು. ಮಾರಾಟ ತಪ್ಪಿದ್ದರ ಬೆಲೆ ತಿಳಿಯುವುದೂ ಅದರ ಜೊತೆ ಹೋಲಿಸಿದಾಗಲೇ. ನಮ್ಮ ಉದಾಹರಣೆಯಲ್ಲಿ ಲಾಭ ₹4,60,000ದಿಂದ ₹97,800ಕ್ಕೆ ಬಿದ್ದಿದೆ. 4,000 ಕ್ರೇಟ್ ಮಾರದೆ ಹೋದದ್ದಕ್ಕೆ, ₹215ರಲ್ಲಿ ಕಾಳಿನ ₹160, ಕರೆಂಟಿನ ₹9 ಕಳೆದು ಉಳಿಯುವ ₹46ರಂತೆ ₹1,84,000, ಉಳಿದ ₹1,78,200 ಪ್ಲಾಂಟಿನೊಳಗಿನ ಖರ್ಚು. ಸ್ಟ್ಯಾಟಿಕ್ ಒಂದೇ ಇದ್ದರೆ ಈ ಎರಡು ಮೊತ್ತ ಒಂದರೊಳಗೊಂದು ಕಲಸಿಹೋಗುತ್ತವೆ, ಮಾರ್ಕೆಟಿಂಗಿನವರೂ ಪ್ರೊಡಕ್ಷನ್ನಿನವರೂ ಒಬ್ಬರ ಮೇಲೊಬ್ಬರು ಹಾಕುತ್ತಾ ಕೂರುತ್ತಾರೆ.

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ, ಒಂದು ಎಕ್ಸೆಲ್ ಹಾಳೆ ಸಾಕು. ಎಡಕ್ಕೆ ಸ್ಟ್ಯಾಟಿಕ್, ನಡುವೆ ಫ್ಲೆಕ್ಸಿಬಲ್, ಬಲಕ್ಕೆ ನಿಜವಾದ ಅಂಕಿ, ಮೂರರಲ್ಲೂ ಮಾರಾಟ, ಖರ್ಚು, ಲಾಭ. ಎಡದ ಎರಡರ ಲಾಭದ ವ್ಯತ್ಯಾಸ ಮಾರಾಟದವರ ಮೀಟಿಂಗಿಗೆ, ಬಲದ ಎರಡರ ಖರ್ಚಿನ ವ್ಯತ್ಯಾಸ ಶಾಪ್ ಫ್ಲೋರಿಗೆ. ಎರಡು ಮೂರು ಅಳತೆಯ ಕ್ರೇಟ್ ಮಾಡುವ ಘಟಕವಾದರೆ E1ರಲ್ಲಿ ಕ್ರೇಟಿನ ಬದಲು ಒಳ್ಳೆಯ ಮಾಲಿನ ಕೆಜಿ ಹಾಕಿ, ಕರೆಂಟಿನ ದರವನ್ನೂ ಶಿಫ್ಟಿನ ಮಿತಿಯನ್ನೂ ಕೆಜಿಗೆ ಬದಲಿಸಿಕೊಳ್ಳಿ.